ಅಳ್ನಾವರದ ಟಿಕೆಟ್ಟು

ದಾಂಡೇಲಿಯ ಬಸ್ ಸ್ಟ್ಯಾಂಡಿನಲ್ಲಿ ಒಂದು ತುದಿಗೆ ನಿಂತು ಇನ್ನೊಂದು ತುದಿಯ ಕಂಡಕ್ಟರನನ್ನು ಕೂಗಿ ಕರೆಯಬಹುದು. ಹುಬ್ಬಳ್ಳಿಯಲ್ಲಿ ಹಾಗಲ್ಲ. ಅಲ್ಲಿ ನಾನು ಮೊದಲು ಫಲಕ ಓದುತ್ತೇನೆ, ಓದಿದ್ದನ್ನು ವಿಚಾರಣೆ ಕಿಟಕಿಯಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳುತ್ತೇನೆ, ಆಮೇಲೆ ಶೇಂಗಾ ಮಾರುವವನನ್ನೂ ಒಂದು ಮಾತು ಕೇಳುತ್ತೇನೆ. ಮೂವರೂ ಒಂದೇ ಉತ್ತರ ಕೊಟ್ಟರೆ, ಮೂವರೂ ಕೂಡಿ ತಪ್ಪಿರಬಹುದೇ ಎಂದು ಯೋಚಿಸುತ್ತೇನೆ. ಐವತ್ತು ದಾಟಿದ ಮೇಲೂ ಈ ರೋಗ ಬಿಟ್ಟಿಲ್ಲ.

ಅಣ್ಣ ಇದಕ್ಕೆ ಪೂರ್ತಿ ವಿರುದ್ಧ. ಬಹಳ ವರ್ಷಗಳಿಂದ ಹುಬ್ಬಳ್ಳಿಯಲ್ಲಿರುವ ಅವನಿಗೆ ಬಸ್ ನಿಲ್ದಾಣವೂ ರೈಲ್ವೆ ಸ್ಟೇಶನ್ನೂ ಅಂಗೈ ಗೆರೆಯಷ್ಟು ಪರಿಚಯ. ಹಾಗಾಗಿ ಅವ್ವನ ಕಣ್ಣಿನ ಪೊರೆ ತೆಗೆಸುವುದು ಹುಬ್ಬಳ್ಳಿಯಲ್ಲೇ ಎಂದು ನಿಶ್ಚಯವಾದಾಗ ನನ್ನ ಎದೆಯ ಭಾರ ಅರ್ಧ ಇಳಿದಿತ್ತು. ಒಂದು ದಿನ ಶಸ್ತ್ರಚಿಕಿತ್ಸೆ, ಮಾರನೆಯ ಬೆಳಿಗ್ಗೆ ಪಟ್ಟಿ ಬಿಚ್ಚುವುದು. ನಡುವೆ ಒಂದು ರಾತ್ರಿ. ಆ ರಾತ್ರಿಗಾಗಿಯೇ ಅವ್ವ ಹೊರಟಿದ್ದಳು ಅಂದರೂ ತಪ್ಪಿಲ್ಲ. ಅಣ್ಣ ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿ ಮಾಡಿದಾಗ ಅವಳ ಮೊಣಕಾಲು ಹಿಡಿದುಕೊಂಡಿತ್ತು. ಆ ಮನೆಯ ಹೊಸ್ತಿಲನ್ನು ಅವಳಿನ್ನೂ ದಾಟಿರಲಿಲ್ಲ. ರೆಗ್ಜಿನ್ ಚೀಲದೊಳಗೆ ಅಣ್ಣನ ಹೆಂಡತಿ ವೈನಿಗೆಂದು ಹಪ್ಪಳ, ಶೇಂಗಾ ಚಟ್ನಿ, ಉಡಿ ತುಂಬಲು ಒಂದು ಹಸಿರು ಕುಪ್ಪಸದ ಖಣ, ಬಟ್ಟಲು ಕೊಬ್ಬರಿ. ಕಣ್ಣಿನ ರಿಪೋರ್ಟುಗಳು ಎಲ್ಲಿವೆ ಎಂದು ಅವಳಿಗೆ ಗೊತ್ತಿರಲಿಲ್ಲ. ಖಣ ಯಾವ ಮಡಿಕೆಯಲ್ಲಿದೆ ಎಂದು ಗೊತ್ತಿತ್ತು.

ಹೊರಡುವ ಹಿಂದಿನ ದಿನ ಅಣ್ಣ ಫೋನು ಮಾಡಿ ಎಲ್ಲ ದಾರಿ ಹೇಳಿದ. ಬಸ್ಸಿಳಿದು ನೇರ ಆಸ್ಪತ್ರೆಗೆ ಹೋಗಬೇಕು. ಮುಗಿದ ಮೇಲೆ ಆಟೋದಲ್ಲಿ ರೈಲ್ವೆ ಸ್ಟೇಶನ್ನಿಗೆ ಬರಬೇಕು, ಅವನು ಬಾಗಿಲಲ್ಲಿ ನಿಂತಿರುತ್ತಾನೆ. ಸ್ಟೇಶನ್ನು ಯಾಕೆ ಎಂದೆ. ವಾಪಸ್ಸು ಹೋಗಲು ರೈಲಿನ ಟಿಕೆಟ್ ತೆಗೆಸಿದ್ದಾನಂತೆ, ಅಳ್ನಾವರದವರೆಗೆ, ರಿಸರ್ವೇಶನ್ ಮಾಡಿಸಿ. ಕಣ್ಣು ಮಾಡಿಸಿಕೊಂಡವರಿಗೆ ಬಸ್ಸಿನ ಕುಲುಕಾಟ ಆಗಬಾರದು ಎಂದ. ಧಾರವಾಡ ದಾಟಿದರೆ ಬಂದೇ ಬಿಡುವ ಅಳ್ನಾವರಕ್ಕೆ ನಮ್ಮ ಕಡೆ ಯಾರೂ ರಿಸರ್ವೇಶನ್ ಮಾಡಿಸುವುದಿಲ್ಲ. ಅಲ್ಲಿಂದ ಹಳಿಯಾಳದ ಮೇಲೆ ದಾಂಡೇಲಿಗೆ ಹೇಗೂ ಬಸ್ಸಿನಲ್ಲೇ ಕುಲುಕಬೇಕು. ಆದರೂ ನಾನು ಫೋನಿಟ್ಟು, ಅಣ್ಣನಿಗೆ ಎಷ್ಟು ಕಾಳಜಿ ನೋಡು ಎಂದು ಹೆಂಡತಿಗೆ ಹೇಳಿದೆ. ಅವಳು ಹಿಟ್ಟು ನಾದುತ್ತಿದ್ದಳು.

ಆಸ್ಪತ್ರೆಯ ಕೆಲಸ ಮಧ್ಯಾಹ್ನಕ್ಕೆ ಮುಗಿಯಿತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಂಜು. ಅವ್ವನ ಕೈ ಹಿಡಿದು ಆಟೋ ಇಳಿಸಿದೆ. ಅಣ್ಣ ಹೇಳಿದ ಜಾಗದಲ್ಲೇ ನಿಂತಿದ್ದ.

"ಮನಿ ಬಂತೇನು?" ಎಂದಳು ಅವ್ವ.

"ಇಲ್ಲಬೇ, ಸ್ಟೇಶನ್ನು. ಇಲ್ಲೇ ಎಲ್ಲಾ ಚಲೋ ವ್ಯವಸ್ಥಾ ಐತಿ," ಎಂದ ಅಣ್ಣ. ಮನೆಯಲ್ಲಿ ಪೇಂಟಿಂಗ್ ನಡೆದಿದೆ, ಹೊಸ ಕಣ್ಣಿಗೆ ಆ ವಾಸನೆ ಕೆಟ್ಟದ್ದು ಎಂದು ವಿವರಿಸಿದ. ಹೋದ ವರ್ಷ ಮುಂಡಗೋಡದ ಸೋದರಮಾವ ಬಂದಾಗಲೂ ಪೇಂಟಿಂಗೇ ನಡೆದಿತ್ತು. ಅಷ್ಟು ಬಣ್ಣ ಕುಡಿಯುವ ಗೋಡೆ ಎಂಥದ್ದೋ.

ಆಮೇಲೆ ಅವನು ನಮ್ಮನ್ನು ಕರೆದುಕೊಂಡು ತಿರುಗಿದ ರೀತಿ, ಮನೆ ಕಟ್ಟಿಸಿದವನು ಬಂದವರಿಗೆ ಕೋಣೆ ಕೋಣೆ ತೋರಿಸಿದಂತಿತ್ತು. ಇದು ದೊಡ್ಡ ಬೋರ್ಡು: ಗಾಡಿ ನಂಬರು, ಹೆಸರು, ಹೊತ್ತು, ಕೊನೆಗೆ ಪ್ಲಾಟ್‌ಫಾರ್ಮು. ಕನ್ನಡ ಹೋಗಿ ಹಿಂದಿ ಬಂದರೆ ಗಾಬರಿಯಾಗಬಾರದು, ಸ್ವಲ್ಪ ನಿಂತರೆ ಮತ್ತೆ ಕನ್ನಡ ಬರುತ್ತದೆ. ಪ್ಲಾಟ್‌ಫಾರ್ಮು ಕೊನೆ ಗಳಿಗೆಯಲ್ಲೂ ಬದಲಾಗಬಹುದು, ಹಾಗಾಗಿ ಬೋರ್ಡಿನ ಜೊತೆ ಅನೌನ್ಸ್‌ಮೆಂಟಿಗೂ ಕಿವಿ ಕೊಡಬೇಕು. ಇದು ವೇಟಿಂಗ್ ಹಾಲು, ಇದು ನೀರು. ಅವ್ವ ಎಲ್ಲದಕ್ಕೂ ಹೂಂ ಎನ್ನುತ್ತಿದ್ದಳು, ಕಾಣುತ್ತಿರುವವಳಂತೆ. ನಾನು, ಹೇಳಲು ನಾಚಿಕೆ, ಪ್ಲಾಟ್‌ಫಾರ್ಮು ಬದಲಾಗುತ್ತದೆ ಎಂಬ ಮಾತು ಕೇಳಿ ಮರುದಿನದ ಗಾಡಿಯ ಚಿಂತೆ ಶುರು ಮಾಡಿಕೊಂಡಿದ್ದೆ.

ರಾತ್ರಿಗೆಂದು ನಮಗೆ ಸ್ಟೇಶನ್ನಿನಲ್ಲೇ ಕಾಯ್ದಿಟ್ಟ ಕೋಣೆ ಸಂಜೆಯ ಮೇಲೆಯೇ ಸಿಗುವುದು, ಅಲ್ಲಿಯವರೆಗೆ ಚೀಲ ಕ್ಲೋಕ್ ರೂಮಿನಲ್ಲಿ ಇಡೋಣ ಎಂದ. ಕೌಂಟರಿನವನು ಟಿಕೆಟ್ಟು, ಗುರುತಿನ ಚೀಟಿ ನೋಡಿದ. ಚೀಲ ನೋಡಿ, ಬೀಗವಿಲ್ಲದ್ದನ್ನು ತೆಗೆದುಕೊಳ್ಳುವುದಿಲ್ಲ ಎಂದು ಹಿಂದಕ್ಕೆ ಸರಿಸಿದ. ನನಗೆ ಒಳಗೊಳಗೇ ಆಸೆಯಾಯಿತು. ಇನ್ನಾದರೂ ಇವನು, ನಡೀರಿ ಮನೆಗೇ ಹೋಗೂಣು ಎನ್ನಬಹುದು.

ಅಣ್ಣ ಪ್ಯಾಂಟಿನ ಜೇಬಿಗೆ ಕೈ ಹಾಕಿ ಒಂದು ಸಣ್ಣ ಬೀಗ ತೆಗೆದ. ಜಿಪ್ಪಿನ ಎರಡೂ ಕಿವಿಗಳನ್ನು ಕೂಡಿಸಿ ಹಾಕಿ ಒತ್ತಿದ.

ಮನೆಯಿಂದ ಹೊರಡುವಾಗಲೇ ಜೇಬಿಗೆ ಹಾಕಿಕೊಂಡು ಬಂದಿದ್ದ. ಅವ್ವ ಕೈ ಚಾಚಿ ಆ ಬೀಗವನ್ನು ಮುಟ್ಟಿ ನೋಡಿದಳು, ಮಗುವಿನ ಹಣೆ ಮುಟ್ಟಿದಂತೆ. ಕೀಲಿಕೈಯನ್ನು ಅಣ್ಣ ಅವಳ ಅಂಗೈಯಲ್ಲಿಟ್ಟ. ರಸೀದಿ ನನಗೆ ಬಂತು. ಅದನ್ನು ಮಡಚಿ ಪಾಕೀಟಿನಲ್ಲಿಟ್ಟೆ, ಕಳೆದೀತೆಂದು ಮೊಬೈಲಿನಲ್ಲಿ ಫೋಟೋನೂ ತೆಗೆದೆ. ಅಂಥ ಹೊತ್ತಿನಲ್ಲಿ ನನಗೆ ತೋಚುವುದು ಅಷ್ಟೇ.

ಅಣ್ಣ ಕೆಲಸವಿದೆ ಎಂದು ಹೋದ. ಅಡ್ಡಾಗಬೇಕಾದ ಅವ್ವ ವೇಟಿಂಗ್ ಹಾಲಿನ ಸ್ಟೀಲ್ ಕುರ್ಚಿಯಲ್ಲಿ ಸಂಜೆಯ ತನಕ ನೆಟ್ಟಗೆ ಕುಳಿತಿದ್ದಳು. ಅವನ ಮನೆ ಅಲ್ಲಿಂದ ಆಟೋದಲ್ಲಿ ಹತ್ತು ನಿಮಿಷ. ಇದು ಅವಳಿಗೆ ಗೊತ್ತಿಲ್ಲವೆಂದು ನಾನು ತಿಳಿದಿದ್ದೆ.

ಸಂಜೆ ಚೀಲ ಬಿಡಿಸಿಕೊಂಡು ಮೆಟ್ಟಿಲು ಹತ್ತಿ ರಿಟೈರಿಂಗ್ ರೂಮಿಗೆ ಹೋದೆವು. ಕೋಣೆ ಒಳ್ಳೆಯದೇ, ಎರಡು ಮಂಚ, ತೊಳೆದ ಹಾಸಿಗೆ. ದಾಖಲೆ ಬರೆದುಕೊಳ್ಳುವವರು ಟಿಕೆಟ್ಟಿನ ಪಿ.ಎನ್.ಆರ್. ನಂಬರು ಕೇಳಿದರು. ಹುಬ್ಬಳ್ಳಿಯಿಂದ ಅಳ್ನಾವರ ಎಂದು ನೋಡಿ ತಲೆಯೆತ್ತಿದರು. ನಾಚಿಕೆಯಾಗಿ, ನಾವು ಬಸ್ಸಿಗೇ ಹೋಗುವವರು, ಹೀಗೇ ತೆಗೆಸಿದ್ದು ಎಂದು ಏನೋ ತೊದಲಿದೆ.

"ಬಸ್ಸಿನವರಿಗೆ ಇಲ್ಲಿ ರೂಮ್ ಕೊಡೂದಿಲ್ರಿ," ಎಂದರು. "ಟ್ರೇನಿನ ಕನ್ಫರ್ಮ್ ಟಿಕೆಟ್ ಇದ್ದವರಿಗಷ್ಟ."

ಎಲ್ಲ ಬೋರ್ಡುಗಳನ್ನೂ ಮೂರು ಸಲ ಓದುವ ನನಗೆ ಆ ಟಿಕೆಟ್ಟನ್ನು ಓದಲು ಅಷ್ಟು ಹೊತ್ತು ಬೇಕಾಯಿತು. ಅದು ಅಳ್ನಾವರಕ್ಕೆ ಹೋಗಲು ತೆಗೆಸಿದ್ದಲ್ಲ. ಕುಲುಕಾಟ ತಪ್ಪಿಸಲೂ ಅಲ್ಲ. ಈ ಮಂಚಕ್ಕಾಗಿ ತೆಗೆಸಿದ್ದು. ನನ್ನ ಪಕ್ಕದಲ್ಲಿ ಅವ್ವ ಗೋಡೆ ಹಿಡಿದು ನಿಂತಿದ್ದಳು. ಕಣ್ಣಿಗೆ ಪಟ್ಟಿ ಇತ್ತು, ಕಿವಿಗೆ ಇರಲಿಲ್ಲ.

ಮಾರನೆಯ ದಿನ ಪಟ್ಟಿ ಬಿಚ್ಚಿಸಿಕೊಂಡು ಕಪ್ಪು ಕನ್ನಡಕ ಹಾಕಿಕೊಂಡು ಬಂದ ಅವ್ವ ಸ್ಟೇಶನ್ನನ್ನು ಮೊದಲ ಸಲ ಕಂಡಳು. ಅಣ್ಣ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಬೀಳ್ಕೊಡಲು ಬಂದಿದ್ದ. ನಮ್ಮ ಡಬ್ಬಿ ಎಲ್ಲಿ ನಿಲ್ಲುತ್ತದೆಂದು ತೋರಿಸುವ ಸಣ್ಣ ಬೋರ್ಡಿನ ಕೆಳಗೆ ನಮ್ಮನ್ನು ನಿಲ್ಲಿಸಿದ. ಗಾಡಿ ಹೇಳಿದ ಪ್ಲಾಟ್‌ಫಾರ್ಮಿಗೇ ಬಂತು, ಡಬ್ಬಿ ನಮ್ಮ ಮುಂದೆಯೇ ನಿಂತಿತು. ನಾನು ರಾತ್ರಿಯಿಡೀ ಪಟ್ಟ ಚಿಂತೆಯೆಲ್ಲ ಪೋಲಾಯಿತು. ಒಳಗೆ ಕಿಟಕಿಯ ಪಕ್ಕ ಅವಳನ್ನು ಕೂರಿಸಿದೆ. ಅಣ್ಣ ಹೊರಗಿನಿಂದ ಕೈ ಚಾಚಿದ.

"ಚೀಲ ಇತ್ತ ಕೊಡಬೇ. ಮನ್ಯಾಗ ಅಕಿಗೆ ಮುಟ್ಟಸ್ತೇನಿ."

"ಪ್ಲಾಟ್‌ಫಾರ್ಮ್ ಮ್ಯಾಲ ನಿಂತು ಉಡಿ ತುಂಬೂದಿಲ್ಲಪಾ," ಎಂದಳು ಅವ್ವ. ಸಿಟ್ಟಿರಲಿಲ್ಲ ದನಿಯಲ್ಲಿ, ಪದ್ಧತಿ ಹೇಳಿಕೊಟ್ಟಂತಿತ್ತು. ಆಮೇಲೆ ಸೆರಗಿನ ಗಂಟು ಬಿಚ್ಚಿ ಕೀಲಿಕೈಯನ್ನು ಅವನ ಕೈಗೆ ಹಾಕಿದಳು. "ಇದು ನಿಂದು. ಮತ್ಯಾರರೆ ಬಂದ್ರ ಬೇಕಾಕ್ಕೈತಿ."

ಚೀಲಕ್ಕೆ ಬೀಗ ಇನ್ನೂ ಇದೆಯಲ್ಲ ಎಂದು ನನಗೆ ನೆನಪಾಗುವ ಹೊತ್ತಿಗೆ ಗಾಡಿ ಹೊರಟಿತ್ತು. ಮನೆಗೆ ಬಂದು ಜಿಪ್ಪಿನ ಮಗ್ಗುಲಿಗೆ ಬ್ಲೇಡು ಹಾಕಿ ಕೊಯ್ದೆ. ಹಪ್ಪಳ ಪುಡಿಯಾಗಿದ್ದವು. ಖಣವನ್ನು ಅವ್ವ ನನ್ನ ಹೆಂಡತಿಯ ಉಡಿಗೆ ಹಾಕಿದಳು.

ಎಂಟು ದಿನ ಬಿಟ್ಟು ಅಣ್ಣನ ಫೋನು ಬಂತು. ಇನ್ನೊಂದು ಕಣ್ಣಿನ ತಾರೀಖು ಮೊದಲೇ ಹೇಳಬೇಕಂತೆ, ಟಿಕೆಟ್ ತೆಗೆಸಲು. ಏನು ಹೇಳಲಿ ಎಂದು ಅವ್ವನ ಮುಖ ನೋಡಿದೆ.

"ಅದನ್ನ ಧಾರವಾಡದಾಗ ಮಾಡಸೂಣು ಅನ್ನು," ಎಂದಳು. "ಅಲ್ಲಿ ನಮ್ಮವರು ಯಾರೂ ಇಲ್ಲ."