ಎರಡು ಸಲ ಮೆತ್ತಗಾದ ಮಾತು

ಹೊಸನಗರದಿಂದ ನಗರವೆಂಬ ಊರಿನ ಕಡೆಗೆ ಹೋಗುವ ದಾರಿಯಲ್ಲಿ ರಸ್ತೆ ಅಗಲ ಮಾಡಲೆಂದು ಗುಡ್ಡವೊಂದನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದಿದ್ದರು. ಆ ಕೆಲಸದ ಆಫೀಸಿನಲ್ಲಿ ಶರಾವತಿಗೆ ಬರವಣಿಗೆಯ ಕೆಲಸ. ಹೆಸರಿಗೆ ಬರವಣಿಗೆ ಅಷ್ಟೇ. ದಿನವಿಡೀ ಅವಳು ಮಾಡುತ್ತಿದ್ದುದು ಒಬ್ಬರ ಮಾತನ್ನು ಇನ್ನೊಬ್ಬರ ಭಾಷೆಗೆ ದಾಟಿಸುವುದು.

ಮ್ಯಾನೇಜರ್ ಸಾಹೇಬರು ತಮಿಳುನಾಡಿನ ಕಡೆಯವರು. ಅವರಿಗೆ ಕನ್ನಡವೂ ಬಾರದು, ಹಿಂದಿಯೂ ಬಾರದು, ಇಂಗ್ಲಿಷೇ ಗತಿ. ಕೂಲಿಯವರು ಜಾರ್ಖಂಡದವರು, ಅವರ ಮೇಸ್ತ್ರಿಗೆ ಹಿಂದಿ ಬಿಟ್ಟರೆ ಬೇರೆ ಮಾತಿಲ್ಲ. ಕಾವಲುಗಾರ ಪುಟ್ಟಪ್ಪ ಅಲ್ಲೇ ಪಕ್ಕದ ಹಳ್ಳಿಯವನು. ಶರಾವತಿ ಕಾರ್ಗಲ್ಲಿನ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅವಳ ಅಪ್ಪ ವಿದ್ಯುತ್ ಯೋಜನೆಯಲ್ಲಿ ಕೆಲಸಕ್ಕಿದ್ದರು. ಅಕ್ಕಪಕ್ಕದ ಮನೆಯ ಉತ್ತರದ ಕಡೆಯ ಹೆಂಗಸರ ಜೊತೆ ಅಕ್ಕಿ ಆರಿಸುತ್ತಲೇ ಹಿಂದಿ ಬಂದಿತ್ತು. ಇಂಗ್ಲಿಷನ್ನು ಕಾಲೇಜು ಕಲಿಸಿತ್ತು. ಫೋನಿನಲ್ಲಿ ಅನುವಾದ ಮಾಡುವ ಸೌಲಭ್ಯ ಇದ್ದರೂ ಸಾಹೇಬರು ಅದನ್ನು ನಂಬುತ್ತಿರಲಿಲ್ಲ. ಅದು ಮಾತನ್ನು ದಾಟಿಸುತ್ತಿತ್ತು, ಮರ್ಯಾದೆಯನ್ನು ದಡದಲ್ಲೇ ಬಿಟ್ಟು ಬರುತ್ತಿತ್ತು.

ಅವಳಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದ ಶಿವರಾಮನಿಗೆ ಇದು ಒಗ್ಗಿರಲಿಲ್ಲ. ಪುಟ್ಟಪ್ಪ "ಡೀಸೆಲ್ ಖಾಲಿ" ಅಂದರೆ ಅವನು ಸಾಹೇಬರಿಗೆ "ಡೀಸೆಲ್ ಖಾಲಿ, ಕಳಿಸಿ" ಎಂದೇ ಬರೆಯುತ್ತಿದ್ದ. "ನನಗೇ ಆರ್ಡರ್ ಮಾಡ್ತಾನೆ" ಎಂದು ಸಾಹೇಬರು ಅವನನ್ನು ತೀರ್ಥಹಳ್ಳಿಯ ಗೋದಾಮಿಗೆ ಹಾಕಿದರು. ಶರಾವತಿ ಅದನ್ನು ಕಂಡು ಕಲಿತಳು. "ಮಿಷಿನ್ನಿನ ಸೊಂಟ ಮುರೀತು, ಸಾಹೇಬ್ರಿಗೆ ಹೇಳು ಮಾರಾಯ್ತಿ, ಇಲ್ಲಾಂದ್ರೆ ಅವ್ರೇ ಬಂದು ಹಾರೆ ಹಿಡೀಲಿ" ಎಂದು ಪುಟ್ಟಪ್ಪ ಕೂಗಿದರೆ ಸಾಹೇಬರಿಗೆ ಹೋಗುತ್ತಿದ್ದುದು, "ಸರ್, ಯಂತ್ರದ ಕಡೆ ತಾವು ದಯವಿಟ್ಟು ಗಮನ ಹರಿಸಬಹುದೇ" ಎಂಬ ಇಂಗ್ಲಿಷ್ ಸಾಲು.

"ನಿಮ್ಮ ಮೆಸೇಜ್ ಓದಿದರೆ ತಲೆನೋವು ಬರುವುದಿಲ್ಲ ಮೇಡಂ" ಎಂದು ಸಾಹೇಬರು ಒಮ್ಮೆ ಹೇಳಿದ್ದರು. ಆ ಹೊಗಳಿಕೆ ಅವಳಿಗೆ ಹಿತವಾಗಿತ್ತು. ಅಂದಿನಿಂದ ಇನ್ನಷ್ಟು ಮೆತ್ತಗೆ ಬರೆದಳು.

ಮಿಥುನ ಮಾಸದ ಮಳೆ ಹಿಡಿದ ಮೇಲಿನ ಒಂದು ಬೆಳಿಗ್ಗೆ. ಶರಾವತಿ ಮೇಜಿನ ಮೇಲಿನ ಅಮ್ಮನವರ ಪಟಕ್ಕೆ ಹೂವಿಟ್ಟು ಕೈಮುಗಿಯುತ್ತಿದ್ದಾಗ ಪುಟ್ಟಪ್ಪ ಬಂದ. ಯಾವಾಗಲೂ ಬಾಗಿಲಿನಿಂದಲೇ ಕೂಗುವವನು ಅವತ್ತು ಒಳಗೆ ಬಂದು, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದು ನಿಂತ.

"ಎಂತ ಪುಟ್ಟಪ್ಪಣ್ಣ, ಮದುವೆ ಕರೆಯಕ್ಕೆ ಬಂದ್ರಾ?"

ಅವನು ನಗಲಿಲ್ಲ. "ಸಾಹೇಬ್ರಿಗೆ ಒಂದ್ಮಾತು ತಿಳಿಸ್ಬೇಕಿತ್ತು ತಂಗಿ. ಗುಡ್ಡದ ನೆತ್ತಿ ಮೇಲೆ ನೆಲ ಸ್ವಲ್ಪ ಬಾಯಿ ಬಿಟ್ಟಂಗೆ ಕಾಣ್ತದೆ. ಕೆಳಗೆ ಬರೋ ಒರತೆ ನೀರೂ ಕೆಂಪಗಾಗಿದೆ. ಅವ್ರು ಒಂದ್ಸಲ ಬಂದು ನೋಡಿದ್ರೆ ಚಲೋ ಇತ್ತೇನೋ."

ಅಷ್ಟು ಹೇಳಿ ಹೊರಗೆ ಹೋದ.

ಸಾಹೇಬರು ಅವತ್ತು ಮೀಟಿಂಗಿಗೆಂದು ತೀರ್ಥಹಳ್ಳಿಗೆ ಹೋಗಿದ್ದರು. ಶರಾವತಿ ಎಂದಿನಂತೆ ಫೋನಿನಲ್ಲಿ ಬರೆದಳು. ಪುಟ್ಟಪ್ಪನ "ಸ್ವಲ್ಪ"ವನ್ನು "ಅತ್ಯಲ್ಪ" ಮಾಡಿದಳು. "ಬಾಯಿ ಬಿಟ್ಟಂಗೆ" ಎಂಬುದು ಒರಟಾಯಿತೆಂದು "ಮಣ್ಣು ಸಡಿಲವಾದಂತಿದೆ" ಎಂದಳು. "ತಮಗೆ ಬಿಡುವಾದಾಗ" ಎಂಬುದನ್ನು ತಾನೇ ಸೇರಿಸಿದಳು. ನೀರು ಕೆಂಪಾದದ್ದನ್ನು ಬಿಟ್ಟೇಬಿಟ್ಟಳು. ಮಳೆಗಾಲದಲ್ಲಿ ನೀರು ಕೆಂಪಾಗದೆ ಇನ್ನೇನು, ಅಷ್ಟಕ್ಕೆಲ್ಲ ದೊಡ್ಡವರ ತಲೆ ತಿನ್ನುವುದೇ ಎನಿಸಿತು.

ಸಾಹೇಬರಿಂದ ಹೆಬ್ಬೆರಳಿನ ಚಿತ್ರ ಬಂತು.

ಫೂಲ್ಮನಿಗೂ ಒಂದು ಮಾತು ಹೇಳಿಬಿಡೋಣ ಎನಿಸಿತು ಅವಳಿಗೆ. ಕಡಿದ ಗುಡ್ಡದ ಬುಡದಲ್ಲೇ ಕೂಲಿಯವರ ತಗಡಿನ ಶೆಡ್ಡುಗಳಿದ್ದವು. ಫೂಲ್ಮನಿ ಅಲ್ಲಿ ಅಡುಗೆ ಮಾಡುವವಳು, ಕಂಕುಳಲ್ಲಿ ಸದಾ ಒಂದು ಹೆಣ್ಣು ಕೂಸು. ಅವಳಿಗೆ ಓದಲು ಬಾರದ್ದರಿಂದ ಶರಾವತಿ ಹಿಂದಿಯಲ್ಲಿ ಮಾತಾಡಿ ಕಳಿಸುತ್ತಿದ್ದಳು. ಗೆಳತಿಗೆ ಹೇಳುವಾಗ ತಾವು, ದಯವಿಟ್ಟು, ಬಿಡುವಾದಾಗ ಯಾವುದೂ ಬೇಡ. ಬಾಯಿಗೆ ಬಂದದ್ದನ್ನು ಹೇಳಿದಳು.

"ಏಯ್, ಕೇಳು. ನಿನ್ನ ತಲೆ ಮೇಲೆ ಗುಡ್ಡ ಬಿರಿದಿದೆ. ಕೆಸರು ನೀರು ಬರ್ತಿದೆ. ಒಲೆ ಗಿಲೆ ಬಿಟ್ಟು ಕೂಸನ್ನ ಎತ್ಕೊಂಡು ಆಚೆ ಶಾಲೆಗೆ ಹೋಗು. ಈಗಲೇ ಹೋಗು."

ಕಳಿಸಿದ ಮೇಲೆ ಸರಿಯಾಗಿ ಹೋಯಿತೋ ಎಂದು ತನ್ನ ದನಿಯನ್ನು ತಾನೇ ಕೇಳಿಸಿಕೊಂಡಳು. ಇದು ಅವಳಿಗೆ ಗೊತ್ತಿತ್ತು. ಗುಡ್ಡ ಬಿರಿದಿದೆ ಎಂದು ಗೊತ್ತಿದ್ದೇ ಸಾಹೇಬರಿಗೆ ಮಣ್ಣು ಸಡಿಲ ಎಂದು ಬರೆದಿದ್ದಳು.

ಈ ಸೀಮೆಯ ಪದ್ಧತಿಯೂ ಆಗ ನೆನಪಾಯಿತು. ಇಲ್ಲಿ ವಿಷಯ ದೊಡ್ಡದಾದಷ್ಟೂ ಮಾತು ಸಣ್ಣದಾಗುತ್ತದೆ. ಮನೆಯಲ್ಲಿ ಹಿರಿಯರು ತೀರಿಕೊಂಡರೂ ದೂರದವರಿಗೆ "ಸ್ವಲ್ಪ ಜೋರಾಗಿದೆ, ಒಂದ್ಸಲ ಬಂದು ಹೋಗಿ" ಎಂದೇ ಹೇಳಿ ಕಳಿಸುವುದು. ಕೇಳಿದವರು ಯಾರೂ ಹೇಗಿದ್ದಾರೆ ಎಂದು ಕೇಳುವುದಿಲ್ಲ, ಬಟ್ಟೆ ಬದಲಿಸಿ ಹೊರಡುತ್ತಾರೆ. ಮಿಷಿನ್ನಿಗೆ ಕೂಗಾಡುವ ಪುಟ್ಟಪ್ಪ ಗುಡ್ಡದ ಮಾತಿಗೆ ಟವೆಲ್ ಬಿಚ್ಚಿ ನಿಂತಿದ್ದ. ಸಾಹೇಬರ ಕಿವಿಗೆ ಎಷ್ಟು ಬೇಕೋ ಅಷ್ಟು ಮೆತ್ತಗೆ ಅವನೇ ಮಾಡಿಕೊಂಡು ತಂದಿದ್ದ. ಅದರ ಮೇಲೆ ಅವಳು ಇನ್ನೊಮ್ಮೆ ಮೆತ್ತಗೆ ಮಾಡಿದ್ದಳು.

ಅಷ್ಟರಲ್ಲಿ ಮೇಸ್ತ್ರಿ ಬಂದ, ಹಿಂದೆ ಕೂಸಿನೊಂದಿಗೆ ಫೂಲ್ಮನಿ.

"ಏನಿದು ದೀದಿ? ಇವಳು ನಿಮ್ಮ ಮಾತನ್ನ ಎಲ್ಲರಿಗೂ ಕೇಳಿಸಿ ಕೆಲಸ ನಿಲ್ಲಿಸ್ತಿದಾಳೆ. ಸಾಹೇಬರು ಹೇಳಿದ್ರಾ?"

"ಹೇಳದಿದ್ರೆ ನಿನ್ನ ಪ್ರಾಣ ಹೋಗಲ್ವಾ?" ಎಂದಳು ಫೂಲ್ಮನಿ.

"ಸುಮ್ನಿರು. ಸಾಹೇಬರ ಮಾತಿಲ್ಲದೆ ಜನಾನ ಎಬ್ಬಿಸಿದ್ರೆ ನಾಳೆ ನಾನೇ ಊರಿಗೆ ರೈಲು ಹತ್ತಬೇಕು. ದೀದಿ, ಕೇಳಿ ಅವರನ್ನ."

ಶರಾವತಿ ಫೋನ್ ಮಾಡಿದಳು. ಸಾಹೇಬರು ಕತ್ತರಿಸಿದರು. ಆಗ ಬರೆದಳು, ಈ ಸಲ ಶಿವರಾಮ ಬರೆಯುತ್ತಿದ್ದ ಹಾಗೆ: "ಗುಡ್ಡ ಬಿರಿದಿದೆ. ಒರತೆಯಲ್ಲಿ ಕೆಸರು ಬರುತ್ತಿದೆ. ಜನರನ್ನು ತೆರವು ಮಾಡಲು ಆಜ್ಞೆ ಕೊಡಿ."

ಉತ್ತರ ಬೇಗ ಬಂತು. "ಬೆಳಿಗ್ಗೆ ನೀವೇ ಅತ್ಯಲ್ಪ ಎಂದು ಬರೆದಿದ್ದೀರಿ. ಈಗ ಯಾರು ಹೆದರಿಸಿದರು? ಇದು ಕೂಲಿಯವರ ನಾಟಕ. ಕೆಲಸ ನಡೆಯಲಿ. ಮಧ್ಯಾಹ್ನ ಬಂದು ನೋಡುತ್ತೇನೆ."

ಅವಳ ಮೆತ್ತಗಿನ ಮಾತೇ ಈಗ ಅವಳ ಗಟ್ಟಿ ಮಾತಿನ ಕುತ್ತಿಗೆ ಹಿಡಿದಿತ್ತು.

"ಏನಂತೆ?" ಮೇಸ್ತ್ರಿ ಕೇಳಿದ.

ಫೂಲ್ಮನಿಯ ಕೂಸು ಸೆರಗು ಚೀಪುತ್ತಾ ಇವಳನ್ನೇ ನೋಡುತ್ತಿತ್ತು. ಇಷ್ಟು ವರ್ಷ ಶರಾವತಿ ದನಿಯನ್ನು ಏರಿಸಿ ಇಳಿಸಿದ್ದುಂಟು, ಅರ್ಥವನ್ನು ತಿರುಗಿಸಿದವಳಲ್ಲ. ಪಟದ ಕಡೆ ನೋಡಲಿಲ್ಲ. ಮನಸ್ಸಿನಲ್ಲೇ 'ತಾಯೀ, ಇದು ನನ್ನ ತಲೆ ಮೇಲಿರಲಿ' ಎಂದುಕೊಂಡಳು.

"ಸಾಹೇಬರ ಹುಕುಂ. ಶೆಡ್ಡೆಲ್ಲ ಖಾಲಿ ಮಾಡಿ. ಒಬ್ಬರೂ ಕೆಳಗಿರಬಾರದು."

ಮೇಸ್ತ್ರಿ ಅರೆಗಳಿಗೆ ಅವಳ ಮುಖ ನೋಡಿ ಓಡಿದ.

ಜನ ರಸ್ತೆ ದಾಟಿ, ಮುಚ್ಚಿಹೋದ ಹಳೆಯ ಶಾಲೆಯ ಜಗಲಿಗೆ ಬಂದು ಕೂತರು. ಮಧ್ಯಾಹ್ನದವರೆಗೆ ಏನೂ ಆಗಲಿಲ್ಲ. ಮಳೆ ಸಣ್ಣಗೆ ಹಿಡಿದಿತ್ತು. ಗುಡ್ಡ ನಿಂತ ಹಾಗೇ ನಿಂತಿತ್ತು. ಕೂಲಿಯವರು ಬೀಡಿ ಹಚ್ಚಿ ಹಾಸ್ಯಕ್ಕಿಳಿದರು. "ದೀದಿ, ಗುಡ್ಡಕ್ಕೆ ಸಾಹೇಬರ ಮೆಸೇಜ್ ಹೋಗಿಲ್ಲವೇನೋ" ಎಂದ ಒಬ್ಬ. ಶರಾವತಿ ನಕ್ಕಳು. ಗುಡ್ಡ ಬೀಳದಿದ್ದರೆ ಅವಳು ಸುಳ್ಳಿ. ಬೀಳಲಿ ಎಂದು ಬೇಡಿಕೊಳ್ಳುವುದಾದರೂ ಹೇಗೆ?

ಪುಟ್ಟಪ್ಪ ಮಾತ್ರ ಬೀಡಿ ಹಚ್ಚಲಿಲ್ಲ. ಒರತೆಯನ್ನೇ ನೋಡುತ್ತಾ ಕೂತಿದ್ದವನು, "ನೀರು ನಿಂತು ಹೋತು, ಗುಡ್ಡದ ಒಳಗೇ ಕಟ್ಕೊಂತು" ಎಂದ.

ಆ ಹೊತ್ತಿಗೇ ಸಾಹೇಬರ ಜೀಪು ಬಂತು. ಖಾಲಿ ಶೆಡ್ಡುಗಳನ್ನು ಕಂಡು ಅವರು ಇಳಿದವರೇ ದುಡುದುಡು ಅಲ್ಲಿಗೇ ನಡೆದರು. ಬುಡದಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು ಕೂಗಿದರು. "ಯಾರು ಹೇಳಿದ್ದು ಇವರಿಗೆ ಹೋಗಲು?"

"ನಾನು ಸರ್" ಎಂದಳು ಶರಾವತಿ ರಸ್ತೆಯಂಚಿನಿಂದ.

"ನನ್ನ ಹೆಸರಿನಲ್ಲಿ?"

ಮೇಲೆ ಒಂದು ಮರ ಗಾಳಿಯಿಲ್ಲದೆ ವಾಲಿತು. ಪುಟ್ಟಪ್ಪ ಎದ್ದು ನಿಂತು ಏನೋ ಅಂದ, ಅವಳು ಕಾಯಲಿಲ್ಲ. ಅನುವಾದ ಮಾಡುವಷ್ಟು ಹೊತ್ತೂ ಇರಲಿಲ್ಲ.

"ರನ್!" ಎಂದು ಚೀರಿದಳು. ಸರ್ ಎಂಬುದು ಬಾಯಿಗೆ ಬರಲಿಲ್ಲ. "ಗೆಟ್ ಔಟ್! ರನ್!"

ಆ ಮನುಷ್ಯನಿಗೆ ಅಪಾಯ ಅರ್ಥವಾಗಿರಲಿಲ್ಲ. ಆಫೀಸಿನ ಹೆಂಗಸೊಬ್ಬಳು ತನಗೆ ಗೆಟ್ ಔಟ್ ಎಂದದ್ದು ಅರ್ಥವಾಯಿತು. ಮುಖ ಕೆಂಪಗೆ ಮಾಡಿಕೊಂಡು, ಬೈಯಲೆಂದು ದಾಪುಗಾಲಿಟ್ಟು ಅವಳ ಕಡೆಗೇ ಬಂದರು. ರಸ್ತೆಗೆ ಕಾಲಿಡುವಾಗ ಹಿಂದೆ ಗುಡ್ಡ ಬಂತು. ದೊಡ್ಡ ಸದ್ದೇನೂ ಅಲ್ಲ, ಚೀಲದಿಂದ ಭತ್ತ ಸುರಿದಂಥ ಸದ್ದು. ಸದ್ದು ನಿಂತಾಗ ತಗಡು, ಒಲೆ, ಹಗ್ಗಕ್ಕೆ ಹಾಕಿದ್ದ ಸೀರೆ ಯಾವುದೂ ಕಾಣಲಿಲ್ಲ.

ಬಿದ್ದದ್ದು ಅರ್ಧ. ಇನ್ನರ್ಧ ಮೇಲೆ ಬಾಗಿ ನಿಂತಿತ್ತು.

ಸಾಹೇಬರು ಆಫೀಸಿಗೆ ಬಂದು ಕೂತರು. ನೀರು ಕುಡಿದು, ಹೆಡ್ ಆಫೀಸಿನ ದೊಡ್ಡವರಿಗೆ ಬರೆಯಿರಿ ಎಂದರು. ಶರಾವತಿ ಕಂಡದ್ದನ್ನು ಕಂಡ ಹಾಗೆ ಬರೆದು ತೋರಿಸಿದಳು: ಗುಡ್ಡ ಕುಸಿದಿದೆ, ಉಳಿದದ್ದೂ ಕುಸಿಯುತ್ತದೆ, ಕೆಲಸ ನಿಲ್ಲಿಸಬೇಕು.

ಅವರು ಓದಿದರು. "ಮೇಲಿನವರಿಗೆ ಹೀಗೆ ಬರೆಯುತ್ತಾರಾ ಮೇಡಂ?" ಎಂದು ಕಂಪ್ಯೂಟರನ್ನು ತಮ್ಮ ಕಡೆ ಎಳೆದುಕೊಂಡರು. ಶೂಗಳ ತುಂಬ ಕೆಮ್ಮಣ್ಣು. ಆ ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡು ಒಂದೊಂದೇ ಪದ ತಿದ್ದಿದರು. ಕುಸಿತವು 'ಅತ್ಯಲ್ಪ ಜಾರುವಿಕೆ' ಆಯಿತು. ಮುಂಜಾಗ್ರತೆಯಾಗಿ ತಾವೇ ಶೆಡ್ ಖಾಲಿ ಮಾಡಿಸಿದ್ದಾಗಿ ಬರೆದರು. ಉಳಿದ ಭಾಗವನ್ನು 'ಸಮಯ ಒದಗಿದಾಗ ಪರಿಶೀಲಿಸಬಹುದು' ಎಂದರು.

ಶರಾವತಿ ನೋಡುತ್ತಾ ನಿಂತಳು. ಅದು ಅವಳದೇ ಇಂಗ್ಲಿಷಾಗಿತ್ತು.

ಹೆಡ್ ಆಫೀಸಿನ ಉತ್ತರ ಒಂದೇ ಸಾಲಿನದು: ನಾಳೆ ಬೆಳಿಗ್ಗೆ ಮಣ್ಣು ತೆಗೆದು ಕೆಲಸ ಮುಂದುವರಿಸಿ.

ಸಾಹೇಬರು ಅವಳನ್ನು ಕರೆದುಕೊಂಡು ಶಾಲೆಯ ಜಗಲಿಗೆ ಬಂದರು. "ಇವರಿಗೆ ಹೇಳಿ. ನಾಳೆ ಬೆಳಿಗ್ಗೆ ಕೆಲಸಕ್ಕೆ ಬರಲಿ. ಶೆಡ್ ಅಲ್ಲೇ ಮತ್ತೆ ಕಟ್ಟಿಕೊಡುತ್ತೇವೆ. ಸ್ವಲ್ಪ ನಯವಾಗಿ ಹೇಳಿ."

ಮೇಸ್ತ್ರಿ ಎದ್ದು ನಿಂತ. ಫೂಲ್ಮನಿ ಕೂಸನ್ನು ಇನ್ನೊಂದು ಮಗ್ಗುಲಿಗೆ ಬದಲಿಸಿಕೊಂಡಳು.

ಶರಾವತಿ ಹಿಂದಿಯಲ್ಲಿ, ಏರಿಸದೆ ಇಳಿಸದೆ ಹೇಳಿದಳು. "ನಾಳೆ ಕೆಲಸಕ್ಕೆ ಬನ್ನಿ, ಶೆಡ್ ಅಲ್ಲೇ ಕಟ್ಟಿಕೊಡ್ತೀವಿ ಅಂತ ಸಾಹೇಬರು ಹೇಳ್ತಿದಾರೆ. ಇದು ಅವರ ಮಾತು. ಬೆಳಿಗ್ಗೆ ನಾನು ಸಾಹೇಬರ ಹುಕುಂ ಅಂದಿದ್ದು ಸುಳ್ಳು, ಅದು ನನ್ನ ಮಾತಾಗಿತ್ತು. ಈಗಲೂ ನನ್ನ ಮಾತು ಹೇಳ್ತೀನಿ ಕೇಳಿ. ಉಳಿದ ಅರ್ಧವೂ ಬೀಳುತ್ತೆ. ಅದರ ಕೆಳಗೆ ಕಾಲಿಡಬೇಡಿ. ಯಾರು ಎಷ್ಟು ನಯವಾಗಿ ಕರೆದರೂ ಬರಬೇಡಿ."

ಮೇಸ್ತ್ರಿ ಸಾಹೇಬರ ಕಡೆ ಒಮ್ಮೆ, ಗುಡ್ಡದ ಕಡೆ ಒಮ್ಮೆ ನೋಡಿದ. ಅರ್ಥವಾಗದ ಸಾಹೇಬರು ಸಮಾಧಾನದಿಂದ ತಲೆಯಾಡಿಸುತ್ತಿದ್ದರು.

"ಹೇಳಿದಿರಾ?"

"ಹೇಳಿದೆ ಸರ್."

"ಬರುತ್ತಾರಂತಾ?"

ಫೂಲ್ಮನಿ ಆಗಲೇ ಜಗಲಿಯ ಮೂಲೆಯಲ್ಲಿ, ಹೊತ್ತು ತಂದಿದ್ದ ಎರಡು ಪಾತ್ರೆಗಳನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದಳು. ಇನ್ನೊಬ್ಬಳು ಎದ್ದಳು. ಮತ್ತಿಬ್ಬರು ಎದ್ದರು. ಕೆಲವರು ಮಾತ್ರ ಮೇಸ್ತ್ರಿಯ ಮುಖವನ್ನೇ ನೋಡುತ್ತಾ ಕೂತಿದ್ದರು. ರಸ್ತೆಯಾಚೆ ಗುಡ್ಡದ ಮೇಲಿನಿಂದ ಒಂದೊಂದೇ ಕಲ್ಲು ಉರುಳಿ ಬೀಳುತ್ತಿತ್ತು.