ಎತ್ತುವ ಕೈಗೆ ಸಂಬಳ

ಬೆಳಕು ಹರಿಯುವ ಮುಂಚೆಯೇ ಟೀಚರಮ್ಮ ಹಾಸಿಗೆ ಹಿಡಿದ ಗಂಡನನ್ನು ಮಗ್ಗುಲು ಹೊರಳಿಸಿ, ಒದ್ದೆ ಬಟ್ಟೆ ಬದಲಿಸಿ, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚಿ, ಹೊದಿಕೆಗಳನ್ನು ಒಗೆದು ಹರವಿದ್ದರು. ಎಪ್ಪತ್ತೊಂದು ವರ್ಷದ ಅವರ ಸೊಂಟ ಸೋತುಹೋಗಿತ್ತು. ಆಳಿಡಲು ಪಿಂಚಣಿ ಸಾಲದು. ಇದ್ದದ್ದು ಅವರ ಸಂಬಳದಲ್ಲೇ ಕಟ್ಟಿಸಿದ ಈ ಮನೆ ಮಾತ್ರ.

ಹತ್ತು ಗಂಟೆಗೆ ಬ್ಯಾಂಕಿನ ಮ್ಯಾನೇಜರ್ ಬಂದರು. ಸುದ್ದಿ ತಿಳಿದು ಮಗ, ಮಗಳೂ ಬಂದಿದ್ದರು.

"ಮನೆ ಅಡವಿಟ್ರೆ ಹದಿನೈದು ವರ್ಷ ಬ್ಯಾಂಕೇ ನಿಮಗೆ ತಿಂಗಳು ತಿಂಗಳು ದುಡ್ಡು ಕೊಡುತ್ತೆ. ನೀವಿಬ್ಬರೂ ಇರೋವರೆಗೂ ಇಲ್ಲೇ ಇರಬಹುದು, ಕಂತು ಕಟ್ಟಬೇಕಿಲ್ಲ. ಬಡ್ಡಿ ಮಾತ್ರ ಸಾಲಕ್ಕೆ ಸೇರ್ತಾ ಹೋಗುತ್ತೆ," ಎಂದರು ಮ್ಯಾನೇಜರ್, ಅರ್ಜಿ ತೆಗೆದು ಮುಂದಿಡುತ್ತಾ.

"ಆಮೇಲೆ?" ಮಗ ಕೇಳಿದ.

"ಸಾಲ ತೀರಿಸಿದ್ರೆ ಮನೆ ನಿಮ್ಮದೇ. ಇಲ್ಲಾಂದ್ರೆ ಬ್ಯಾಂಕು ಮಾರಿ, ಸಾಲ ಮುರ್ಕೊಂಡು, ಮಿಕ್ಕಿದ್ದನ್ನ ನಿಮಗೆ ಕೊಡುತ್ತೆ."

"ಮಿಕ್ಕಿದ್ರೆ ತಾನೇ! ಅಮ್ಮಾ, ಆಳು ಯಾಕೆ? ನಿನ್ನಷ್ಟು ಚೆನ್ನಾಗಿ ಅಪ್ಪನ್ನ ಯಾರು ನೋಡ್ಕೋತಾರೆ?"

"ವಾರಕ್ಕೆರಡು ದಿನ ನೀನು ಬಂದು ಎತ್ತಪ್ಪ. ಈ ಕಾಗದ ಹರಿದು ಹಾಕ್ತೀನಿ."

"ನಂಗೂ ಬೆನ್ನುನೋವು ಕಣಮ್ಮ."

"ಆಸ್ತಿ ಹೊರೋಕೆ ಮಾತ್ರ ಗಟ್ಟಿ ಬೆನ್ನು!" ಮಗಳು ನಕ್ಕಳು. ತಾನು ಯಾವ ದಿನ ಬರುತ್ತೇನೆಂದು ಅವಳೂ ಹೇಳಲಿಲ್ಲ.

ಮನೆ ಟೀಚರಮ್ಮನ ಹೆಸರಲ್ಲೇ ಇರುವುದರಿಂದ ಮಕ್ಕಳ ಒಪ್ಪಿಗೆ ಕಡ್ಡಾಯವಲ್ಲ ಎಂದು ಹೇಳಿ, ಮ್ಯಾನೇಜರ್ ಅರ್ಜಿಯನ್ನು ಅಲ್ಲೇ ಬಿಟ್ಟು ಹೊರಟರು. ಹಿಂದೆಯೇ ಮಕ್ಕಳೂ ಹೊರಟರು.

ಗಂಡನನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸುವ ಹೊತ್ತಾಗಿತ್ತು. ಒಬ್ಬರೇ ಹೊರಳಿಸಿದರು. ನೋವು ಇಳಿಯುವವರೆಗೆ ಮಂಚದ ಸರಳು ಹಿಡಿದು ನಿಂತರು. ಆಮೇಲೆ ಕನ್ನಡಕ ಹಾಕಿಕೊಂಡು, ಹಣ ಯಾತಕ್ಕೆ ಎಂದು ಕೇಳಿದ್ದ ಜಾಗದಲ್ಲಿ ದುಂಡಗೆ ಬರೆದರು: "ನಾನು ಇಷ್ಟು ವರ್ಷ ಪುಕ್ಕಟೆ ಮಾಡಿದ ಕೆಲಸಕ್ಕೆ ಆಳಿಡಲು." ಕೆಳಗೆ ಸಹಿ ಹಾಕಿದರು.