ಕಾಂಚಾಣ ಕಿಂಕಿಣಿಯ ಮರುನಾಮಕರಣ

ಟೈರ್ ಅಂಗಡಿಯ ಮೇಲಿದ್ದ ಎರಡು ಕೋಣೆಯ ಸ್ಟುಡಿಯೋದಲ್ಲಿ ಜಾಹೀರಾತು ಬರೆಯುತ್ತಿದ್ದವನಿಗೆ ಜೊತೆಯವರು ಇಟ್ಟ ಹೆಸರು ಪ್ರಾಸಪ್ಪ. ಸೊಳ್ಳೆಬತ್ತಿಯಿಂದ ಸಿಮೆಂಟಿನವರೆಗೆ ಅವನ ಪ್ರಾಸಕ್ಕೆ ಸಿಗದ ಸರಕಿರಲಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿಯ ಮೇಲೂ ನಾಲ್ಕು ಸಾಲು ಹೊಸೆದು, "ಮೊದ್ಲು ಗ್ಯಾಸ್ ಬುಕ್ ಮಾಡ್ರಿ" ಅನ್ನಿಸಿಕೊಂಡಿದ್ದ. ಅಂದಿನಿಂದ ಪ್ರತಿಭೆಯೆಲ್ಲ ಆಫೀಸಿಗೇ ಮೀಸಲು.

ಒಂದು ದಿನ ಸ್ಟುಡಿಯೋಗೆ ಆಡಿಟರ್ ಮೇಡಂ ಬಂದರು. ಹೊಸದಾಗಿ ಕೆಲಸಕ್ಕೆ ಸೇರಿದವರಿಗಾಗಿ ಪಾಡ್‌ಕಾಸ್ಟ್ ಮಾಡುವುದು ಅವರ ಆಸೆ. ಸಂಬಳದಲ್ಲಿ ಏನೇನು ಕಡಿತವಾಗುತ್ತದೆ, ಕಷ್ಟಕಾಲಕ್ಕೆಂದು ಎಷ್ಟು ಎತ್ತಿಡಬೇಕು, ಕ್ರೆಡಿಟ್ ಕಾರ್ಡಿನವರು ಫೋನ್ ಮಾಡಿದರೆ ಏನು ಹೇಳಬೇಕು, ಇಂಥವು. ಹೆಸರನ್ನೂ ಅವರೇ ತಂದಿದ್ದರು: "ಪ್ರಥಮ ಬಾರಿಗೆ ವೇತನ ಪಡೆಯುವವರಿಗಾಗಿ ವೈಯಕ್ತಿಕ ಹಣಕಾಸು ನಿರ್ವಹಣಾ ಮಾರ್ಗದರ್ಶಿ."

ಸ್ಟುಡಿಯೋದ ಯಜಮಾನರು ಅದನ್ನು ಫೋನಿನಲ್ಲಿ ಟೈಪ್ ಮಾಡಿ ತೋರಿಸಿದರು. "ಪ್ರಥಮ ಬಾರಿಗೆ ವೇತ" ಎನ್ನುವಷ್ಟರಲ್ಲಿ ಪರದೆ ಮುಗಿದು ಮೂರು ಚುಕ್ಕಿ ಬಂದವು.

"ಮೇಡಂ, ಇದು ಸರ್ಕಾರಿ ಸುತ್ತೋಲೆ ಥರ ಇದೆ. ಕೇಳೋರು ಓಡಿಹೋಗ್ತಾರೆ" ಎಂದ ಪ್ರಾಸಪ್ಪ.

"ವಿಷಯ ಏನು ಅಂತ ಗೊತ್ತಾಗ್ಬೇಕಲ್ಲಪ್ಪ?"

"ಗೊತ್ತಾಗೋದು ಆಮೇಲೆ ಮೇಡಂ. ಮೊದ್ಲು ಮನಸ್ಸಿಗೆ ಕಚಗುಳಿ ಇಡ್ಬೇಕು." ಅವನು ಕಣ್ಣು ಮುಚ್ಚಿದ. ತೆರೆದಾಗ ಹೆಸರು ಸಿದ್ಧವಾಗಿತ್ತು. "ಕಾಂಚಾಣ ಕಿಂಕಿಣಿ!"

ಯಜಮಾನರು ಮೇಜು ಕುಟ್ಟಿದರು. ಕಿಂಕಿಣಿ ಎಂದರೆ ಕಿರುಗೆಜ್ಜೆ ಎಂದು ಅವರಿಗೆ ತಿಳಿದಿರಲಿಲ್ಲ. ಕೇಳಿದರೆ ಯಜಮಾನಿಕೆಗೆ ಕುಂದು ಎಂದು ಕೇಳಲೂ ಇಲ್ಲ. ಮೇಡಂ ಒಬ್ಬರೇ ಮುಖ ಹುಳ್ಳಗೆ ಮಾಡಿಕೊಂಡರು. ಬಹುಮತಕ್ಕೆ ತಲೆಬಾಗಬೇಕಾಯಿತು.

ಮೊದಲ ಮೂರು ಕಂತು ಹೊರಬಂದವು. ಕೇಳಿದವರು ಬೆರಳೆಣಿಕೆಯಷ್ಟು, ಅವರಲ್ಲೂ ಅರ್ಧ ಜನ ದಾರಿ ತಪ್ಪಿ ಬಂದವರು. ಒಬ್ಬಾಕೆ ಬರೆದಿದ್ದಳು: "ಗೆಜ್ಜೆ ಕಟ್ಟೋದು ಹೇಳಿಕೊಡ್ತೀರಿ ಅಂತ ಬಂದೆ. ಇಪ್ಪತ್ತು ನಿಮಿಷ ಇನ್ಶೂರೆನ್ಸ್ ಬಗ್ಗೆ ಮಾತಾಡಿದ್ರಿ. ಡ್ಯಾನ್ಸ್ ಯಾವಾಗ?" ಇನ್ನೊಬ್ಬ ಬಳೆಯ ಸಗಟು ದರ ವಿಚಾರಿಸಿದ್ದ. ಮೇಡಂ ಅದನ್ನೆಲ್ಲ ಗಟ್ಟಿಯಾಗಿ ಓದಿ, ಕನ್ನಡಕ ತೆಗೆದು, "ಕಚಗುಳಿ ಚೆನ್ನಾಗಿ ಇಟ್ಟಿದ್ದೀರಿ" ಎಂದರು.

ಪ್ರಾಸಪ್ಪ ಜನರ ಅಭಿರುಚಿಯನ್ನು ಶಪಿಸುತ್ತ ಮನೆಗೆ ಹೋದ. ಅಲ್ಲಿ ತಂಗಿಯ ಮಗಳು ಬಂದು ಕೂತಿದ್ದಳು. ಆಸ್ಪತ್ರೆಯೊಂದರ ರಿಸೆಪ್ಷನ್‌ನಲ್ಲಿ ಕೆಲಸಕ್ಕೆ ಸೇರಿ ಒಂದು ತಿಂಗಳಾಗಿತ್ತಷ್ಟೆ. ಅವನು ಅವಳನ್ನೇ ಸಾಕ್ಷಿಗೆ ಎಳೆದ.

"ಕಾಂಚಾಣ ಕಿಂಕಿಣಿ ಅಂದ್ರೆ ನಿಂಗೇನು ಅನ್ಸುತ್ತೆ?"

"ಯಾವ್ದೋ ಅಜ್ಜಿ ಹೆಸರಾ ಮಾವ?"

ಹೆಂಡತಿ ಅಡುಗೆಮನೆಯಲ್ಲೇ ಕಿಸಕ್ಕೆಂದಳು. ಪ್ರಾಸಪ್ಪ ಅವಮಾನ ನುಂಗಿಕೊಂಡು ಕೇಳಿದ: "ಸರಿ, ದುಡ್ಡಿನ ವಿಷಯ ತಿಳ್ಕೋಬೇಕು ಅಂದ್ರೆ ನೀನು ಫೋನಲ್ಲಿ ಏನಂತ ಹುಡುಕ್ತೀಯಾ?"

"ಹುಡುಕಿದ್ನಲ್ಲ. 'ಮೊದಲ ಸಂಬಳ ಏನು ಮಾಡಬೇಕು' ಅಂತ ಹೊಡೆದೆ. ಸೀರೆ ಅಂಗಡಿ, ಬೈಕ್ ಶೋರೂಮ್ ಬಂತು. ನಿಮ್ಮ ಅಜ್ಜಿ ಮಾತ್ರ ಬರ್ಲಿಲ್ಲ."

ಎಷ್ಟೋ ವರ್ಷಗಳಿಂದ ಗಿರಾಕಿಯ ಮನಸ್ಸು ಬಲ್ಲೆನೆಂದು ಬೀಗುತ್ತಿದ್ದವನು ಗಿರಾಕಿಯನ್ನು ಒಂದು ಮಾತು ಕೇಳಿದ್ದು ಇದೇ ಮೊದಲು. ಅವನು ಊಟದ ತಟ್ಟೆಯ ಮುಂದೆಯೇ ಗೊಣಗತೊಡಗಿದ. ಮೊದಲ ಸಂಬಳ ಇರಲೇಬೇಕು, ಹುಡುಕಿದರೆ ಸಿಗಬೇಕಲ್ಲ. ಆಮೇಲೆ? ಮೊದಲ ಸಂಬಳ, ಮಹಾಮಂಗಳ? ಛೆ, ಅಲ್ಲಿಗೆ ಎಲ್ಲ ಮುಗಿದಂತಾಯಿತು. ಮೊದಲ ಸಂಬಳ, ಮುನ್ನಡೆಯ ಮೆಟ್ಟಿಲು? ಹೆಂಡತಿ ಸಾರು ಬಡಿಸುತ್ತಿದ್ದ ಸೌಟನ್ನು ಎತ್ತಿಹಿಡಿದು, "ಮುಂದೇನು? ಬೇಕಾ, ಸಾಕಾ?" ಎಂದಳು.

"ಮೊದಲ ಸಂಬಳ, ಮುಂದೇನು?" ಎಂದು ಪ್ರಾಸಪ್ಪ ಕೂಗಿದ. ಸಾರು ತಣ್ಣಗಾಯಿತು.

ಮರುದಿನ ಮೇಡಂ ಆ ಹೆಸರನ್ನು ಎರಡು ಸಲ ಬಾಯಲ್ಲಿ ಹೇಳಿ ನೋಡಿದರು. ಫೋನಿನ ಪರದೆಯಲ್ಲಿ ಪೂರ್ತಿ ಹಿಡಿಯಿತು. ಅದೇ ಹೆಸರಿನ ಬೇರೆ ಕಾರ್ಯಕ್ರಮವಿದೆಯೇ ಎಂದು ಹುಡುಕಿದರೆ ಒಂದೂ ಇರಲಿಲ್ಲ. ಅವರ ಉದ್ದನೆಯ ವಾಕ್ಯವೂ ಬಡಕಲಾಗಿ, ಕೆಳಗಿನ ವಿವರಣೆಯಲ್ಲಿ ಜಾಗ ಪಡೆಯಿತು.

"ಹೆಸರು ಬದಲಾಯಿಸಿದ್ರೆ ಇರೋ ಕೇಳುಗರೂ ಹೋಗ್ತಾರಲ್ರೀ" ಎಂದು ಯಜಮಾನರು ಗಾಬರಿಯಾದರು.

"ಕಂತುಗಳು ಹೋಗೋ ಫೀಡಿನ ವಿಳಾಸ ಬದಲಾಗಲ್ಲ ಸರ್, ಹೆಸರು ಮಾತ್ರ. ಸಬ್‌ಸ್ಕ್ರೈಬ್ ಆದವರು ಹಾಗೇ ಇರ್ತಾರೆ" ಎಂದ ಸೌಂಡ್ ಎಂಜಿನಿಯರ್. "ಗೆಜ್ಜೆಯವರು ಹೋದ್ರೆ ಹೋಗ್ಲಿ ಬಿಡಿ."

ಮುಖಚಿತ್ರ ಬದಲಾಯಿತು. ಹಳೆಯ ಮೂರು ಕಂತಿನ ಆರಂಭದಲ್ಲೂ ಕಿಂಕಿಣಿ ಕುಣಿಯುತ್ತಿದ್ದುದರಿಂದ, ಸದ್ದಾಗದಿರಲೆಂದು ಏಸಿ ಆರಿಸಿದ ಕೋಣೆಯಲ್ಲಿ ಮೇಡಂ ಬೆವರುತ್ತ ಆ ಮಾತನ್ನು ಹೊಸ ಹೆಸರಿನೊಂದಿಗೆ ಮತ್ತೆ ದಾಖಲಿಸಿದರು.

ಮುಂದಿನ ತಿಂಗಳ ಹೊತ್ತಿಗೆ ಕೇಳುಗರು ಬಂದರು, ಅದೂ ಸರಿಯಾದವರು. ಭವಿಷ್ಯ ನಿಧಿಯ ಬಗ್ಗೆ ಪ್ರಶ್ನೆ ಕೇಳಿದರು, ಬಾಡಿಗೆ ರಸೀದಿಯ ಬಗ್ಗೆ ಕೇಳಿದರು. ಯಜಮಾನರು "ಶೀರ್ಷಿಕೆ ಪರಿಕಲ್ಪನೆ" ಎಂದು ತಮ್ಮ ಹೆಸರು ಹಾಕಿಸಿಕೊಂಡರು. ಪ್ರಾಸಪ್ಪ ಎರಡು ದಿನ ಮುಖ ಊದಿಸಿಕೊಂಡು, ಆ ಪ್ರಶ್ನಾರ್ಥಕ ಚಿಹ್ನೆ ಮಾತ್ರ ತನ್ನದೇ ಎಂದು ಟೈರ್ ಅಂಗಡಿಯವನಿಗೂ ತಿಳಿಸಿ ಬಂದ.

ಈಗಲೂ ಅವನು ಬಸ್ಸಿನಲ್ಲಿ ಪ್ರತಿ ಕಂತನ್ನೂ ಹಾಕುತ್ತಾನೆ. ಮೇಡಂ ಕಾರ್ಯಕ್ರಮದ ಹೆಸರು ಹೇಳುವವರೆಗೆ ಕಿವಿಗೊಟ್ಟು ಕೇಳಿ, ಕಣ್ಣಲ್ಲಿ ನೀರು ತಂದುಕೊಂಡು, ಅವರು ಉಳಿತಾಯದ ಮಾತು ಎತ್ತುತ್ತಿದ್ದಂತೆ ಆಫ್ ಮಾಡುತ್ತಾನೆ.